ಎರಡು ಡಿಸ್ಕು ಮತ್ತು ಕನ್ನಡಿಯೊಳಗಿನ ಗಂಟು

ಮನೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡಿರೋ ಯಾರನ್ನಾದ್ರೂ "ನಿಮ್ಮ ಫೋಟೋಗಳಿಗೆ ಬ್ಯಾಕಪ್ ಇದೆಯಾ?" ಅಂತ ಕೇಳಿ ನೋಡಿ. ಕಂಪ್ಯೂಟರ್ ಬಗ್ಗೆ ಅಷ್ಟಾಗಿ ಗೊತ್ತಿಲ್ಲದವರು "ಇಲ್ಲಪ್ಪ, ಮಾಡ್ಬೇಕು" ಅಂತ ಸಂಕೋಚದಿಂದ ಹೇಳ್ತಾರೆ. ಸ್ವಲ್ಪ ಗೊತ್ತಿರೋರು ಮಾತ್ರ ಎದೆಯುಬ್ಬಿಸಿ "ನಂದು ರೇಡ್ ರೀ, ಎರಡು ಡಿಸ್ಕ್ ಹಾಕ್ಸಿದೀನಿ" ಅಂತಾರೆ. ನನಗೆ ಚಿಂತೆ ಇರೋದು ಈ ಎರಡನೆಯವರ ಬಗ್ಗೆ. ಮೊದಲನೆಯವರಿಗೆ ತಮ್ಮ ಹತ್ರ ಬ್ಯಾಕಪ್ ಇಲ್ಲ ಅನ್ನೋದಾದ್ರೂ ಗೊತ್ತು. ಎರಡನೆಯವರ ಹತ್ರವೂ ಇಲ್ಲ, ಆದ್ರೆ ಇದೆ ಅಂದ್ಕೊಂಡಿದಾರೆ.

ಹಾಗಾಗಿ ಇವತ್ತು ಸ್ವಲ್ಪ ಜಗಳ ಆಡೋಣ ಅಂತ ಕೂತಿದೀನಿ. ನನ್ನ ವಾದ ಇಷ್ಟೇ: ಮನೆಗೆ ಅಂತ ಎರಡು ಡಿಸ್ಕ್ ತಗೊಂಡಿದ್ರೆ, ಅವನ್ನ ಮಿರರ್ ಮಾಡೋದೂ ದಂಡ, ಸ್ಟ್ರೈಪ್ ಮಾಡೋದಂತೂ ಇನ್ನೂ ದಂಡ. ಎರಡರಲ್ಲಿ ಒಂದನ್ನ ಕಂಪ್ಯೂಟರಿನಿಂದ ಹೊರಗೆ ತೆಗೆದು ಕಪಾಟಿನಲ್ಲಿಡಿ. ವಾರಕ್ಕೊಮ್ಮೆ ತಂದು ಸಿಕ್ಕಿಸಿ, ಕಾಪಿ ಮಾಡಿ, ಮತ್ತೆ ಕಪಾಟಿಗೆ. ಅಷ್ಟೇ ದುಡ್ಡು, ಅವೇ ಡಿಸ್ಕುಗಳು, ಫಲ ಮಾತ್ರ ಬೇರೆ.

ಮೊದಲು, ಇವೆರಡೂ ಏನು ಮಾಡ್ತವೆ?

ಗೊತ್ತಿರೋರು ಈ ಭಾಗ ಹಾರಿಸಿಬಿಡಿ.

ಮಿರರ್, ಅಂದ್ರೆ ರೇಡ್ 1. ನೀವು ಒಂದು ಫೈಲ್ ಸೇವ್ ಮಾಡಿದ್ರೆ ಅದು ಎರಡೂ ಡಿಸ್ಕುಗಳ ಮೇಲೆ ಒಟ್ಟೊಟ್ಟಿಗೆ ಬರೆದಾಗುತ್ತೆ. 2 ಟಿಬಿಯ ಎರಡು ಡಿಸ್ಕ್ ಇದ್ರೆ ನಿಮಗೆ ಸಿಗೋ ಜಾಗ 2 ಟಿಬಿ ಮಾತ್ರ. ಒಂದು ಡಿಸ್ಕ್ ಕೆಟ್ಟು ನಿಂತ್ರೂ ಇನ್ನೊಂದರ ಮೇಲೆ ಕಂಪ್ಯೂಟರ್ ಓಡ್ತಾನೇ ಇರುತ್ತೆ.

ಸ್ಟ್ರೈಪ್, ಅಂದ್ರೆ ರೇಡ್ 0. ಇಲ್ಲಿ ಫೈಲನ್ನ ತುಂಡು ತುಂಡು ಮಾಡಿ, ಒಂದು ತುಂಡು ಈ ಡಿಸ್ಕಿಗೆ, ಮುಂದಿನದು ಆ ಡಿಸ್ಕಿಗೆ ಅಂತ ಹಂಚ್ತಾರೆ. ಜಾಗ ಪೂರ್ತಿ 4 ಟಿಬಿ ಸಿಗುತ್ತೆ. ಎರಡೂ ಡಿಸ್ಕ್ ಒಟ್ಟಿಗೆ ಕೆಲಸ ಮಾಡೋದ್ರಿಂದ ದೊಡ್ಡ ಫೈಲುಗಳನ್ನ ಓದೋ, ಬರೆಯೋ ವೇಗ ಹೆಚ್ಚುಕಮ್ಮಿ ದುಪ್ಪಟ್ಟಾಗುತ್ತೆ.

ರೇಡ್ ಅನ್ನೋ ಹೆಸರು ಬಂದಿದ್ದು 1988ರಲ್ಲಿ, ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ್‍ಯಾಂಡಿ ಕ್ಯಾಟ್ಜ್ ಬರೆದ ಪ್ರಬಂಧದಿಂದ. ಆಗಿನ ದೊಡ್ಡ ಕಂಪ್ಯೂಟರುಗಳಲ್ಲಿದ್ದ ಒಂದು ದುಬಾರಿ ಡಿಸ್ಕಿನ ಬದಲು, ಪರ್ಸನಲ್ ಕಂಪ್ಯೂಟರಿನ ಅಗ್ಗದ ಡಿಸ್ಕುಗಳನ್ನೇ ಸಾಲಾಗಿ ಜೋಡಿಸಿದ್ರೆ ಹೇಗೆ ಅನ್ನೋದು ಅವರ ಯೋಚನೆ. ಡಿಸ್ಕುಗಳ ಸಂಖ್ಯೆ ಹೆಚ್ಚಾದಷ್ಟೂ ಯಾವುದೋ ಒಂದು ಕೆಡೋದೂ ಹೆಚ್ಚು. ಹಾಗೆ ಒಂದು ಕೆಟ್ಟರೂ ಕೆಲಸ ನಿಲ್ಲಬಾರದು, ಅದಕ್ಕೆ ಹೆಚ್ಚುವರಿ ಡಿಸ್ಕ್ ಇಡೋಣ ಅಂದ್ರು. ಇಲ್ಲಿ ಎರಡು ವಿಷಯ ಗಮನಿಸಿ. ಅವರು ಪರಿಹರಿಸ್ತಿದ್ದ ಸಮಸ್ಯೆ "ಡಿಸ್ಕ್ ಕೆಟ್ಟರೆ ಏನು" ಅನ್ನೋದು, "ಮನುಷ್ಯ ತಪ್ಪು ಮಾಡಿದ್ರೆ ಏನು" ಅನ್ನೋದಲ್ಲ. ಮತ್ತೆ, ಆ ಪ್ರಬಂಧದಲ್ಲಿ 1ರಿಂದ 5ರವರೆಗೆ ಮಾತ್ರ ಬಗೆಗಳಿದ್ವು. ಸೊನ್ನೆ ಆಮೇಲೆ ಸೇರಿದ್ದು. ರೇಡ್ ಅನ್ನೋದರ ಮೊದಲ ಅಕ್ಷರ ಹೇಳೋ ಆ ಹೆಚ್ಚುವರಿ ರಕ್ಷಣೆ ಅದರಲ್ಲಿ ಸೊನ್ನೆ. ಹೆಸರಲ್ಲೇ ನಿಜ ಹೇಳಿಬಿಟ್ಟಿದಾರೆ, ನಾವು ಓದಲ್ಲ ಅಷ್ಟೇ.

ಸ್ಟ್ರೈಪ್ ವಿಷಯ ಬೇಗ ಮುಗಿಸಿಬಿಡೋಣ

ಸ್ಟ್ರೈಪ್ ಮಾಡಿಕೊಂಡವರಲ್ಲಿ ಕೆಲವರಿಗೆ "ಒಂದು ಡಿಸ್ಕ್ ಹೋದ್ರೆ ಅರ್ಧ ಫೋಟೋ ಹೋಗುತ್ತೆ, ಅರ್ಧ ಉಳಿಯುತ್ತೆ" ಅನ್ನೋ ನಂಬಿಕೆ ಇದೆ. ಹಾಗಲ್ಲ. ತುಂಡಿನ ಅಳತೆ 128 ಕೆಬಿ ಅಂತಿಟ್ಟುಕೊಳ್ಳಿ. 5 ಎಂಬಿಯ ಒಂದು ಫೋಟೋ 40 ತುಂಡಾಗುತ್ತೆ. ಇಪ್ಪತ್ತು ಈ ಡಿಸ್ಕಿನಲ್ಲಿ, ಇಪ್ಪತ್ತು ಆ ಡಿಸ್ಕಿನಲ್ಲಿ. ಒಂದು ಡಿಸ್ಕ್ ಹೋದ್ರೆ ನಿಮಗೆ ಉಳಿಯೋದು ಅರ್ಧದಷ್ಟು ಫೋಟೋಗಳಲ್ಲ, ಪ್ರತಿಯೊಂದು ಫೋಟೋದ ಅರ್ಧ. ಒಂದು ಬಿಟ್ಟು ಒಂದು ಸಾಲು ಹರಿದುಹಾಕಿದ ಪುಸ್ತಕದ ಹಾಗೆ. ಯಾವ ಫೈಲ್ ಎಲ್ಲಿದೆ ಅಂತ ಹೇಳೋ ಪಟ್ಟಿಯೂ ಹೀಗೇ ಹಂಚಿಹೋಗಿರೋದ್ರಿಂದ, ಉಳಿದ ಅರ್ಧವನ್ನ ಹುಡುಕೋದಕ್ಕೂ ದಾರಿ ಇರಲ್ಲ.

ಇನ್ನು ಸಾಧ್ಯತೆ ಲೆಕ್ಕ. ಒಂದು ಡಿಸ್ಕ್ ಒಂದು ವರ್ಷದಲ್ಲಿ ಕೆಡೋ ಸಾಧ್ಯತೆ ಉದಾಹರಣೆಗೆ ನೂರಕ್ಕೆ 2 ಅಂತಿಟ್ಟುಕೊಳ್ಳಿ. ಎರಡೂ ಉಳಿಯೋ ಸಾಧ್ಯತೆ 0.98 × 0.98, ಅಂದ್ರೆ 0.9604. ಎರಡರಲ್ಲಿ ಯಾವುದೋ ಒಂದು ಕೆಟ್ಟು ನಿಮ್ಮದೆಲ್ಲ ಹೋಗೋ ಸಾಧ್ಯತೆ ನೂರಕ್ಕೆ 3.96. ಸುಮಾರು ದುಪ್ಪಟ್ಟು. ವೇಗ ದುಪ್ಪಟ್ಟಾಯ್ತು ಅಂತ ಹಿಗ್ಗಿದ್ವಲ್ಲ, ಅಪಾಯವೂ ಅಷ್ಟೇ ಆಯ್ತು.

ಸರಿ, ವೇಗಕ್ಕೋಸ್ಕರ ಅಪಾಯ ತಗೋತೀವಿ ಅಂತೀರಾ? ಮೊದಲು ಅದರಲ್ಲಿ ಅರ್ಥ ಇತ್ತು. ತಿರುಗೋ ಡಿಸ್ಕೊಂದು ಸೆಕೆಂಡಿಗೆ 150-200 ಎಂಬಿ ಕೊಟ್ರೆ, ಎರಡರ ಸ್ಟ್ರೈಪ್ 300-400 ಕೊಡುತ್ತೆ. ಆದ್ರೆ ಸಾಟಾ ಕೇಬಲಿನ ಒಂದೇ ಒಂದು ಎಸ್‌ಎಸ್‌ಡಿ 500ರ ಮೇಲೆ ಕೊಡುತ್ತೆ. ಮದರ್‌ಬೋರ್ಡಿಗೇ ಸಿಕ್ಕಿಸೋ ಎನ್‌ವಿಎಂಇ ಡಿಸ್ಕುಗಳು ಅದನ್ನೂ ಎಷ್ಟೋ ಪಟ್ಟು ಮೀರಿಸ್ತವೆ. ಜೊತೆಗೆ, ತಿರುಗೋ ಡಿಸ್ಕಿನ ನಿಜವಾದ ನಿಧಾನ ಇರೋದು ಅದರ ಸೂಜಿ ಸರಿಯಾದ ಜಾಗ ಹುಡುಕೋದ್ರಲ್ಲಿ. ನೀವು ಎರಡಲ್ಲ, ನಾಲ್ಕು ಸ್ಟ್ರೈಪ್ ಮಾಡಿದ್ರೂ ಒಂದೊಂದು ಹುಡುಕಾಟದ ಕಾಯುವಿಕೆ ಕಮ್ಮಿ ಆಗಲ್ಲ. ಹಾಗಾಗಿ ಮನೆ ಕಂಪ್ಯೂಟರಿನಲ್ಲಿ ಕಳೆದುಕೊಂಡ್ರೆ ಅಳುವಂಥ ಏನನ್ನಾದ್ರೂ ಸ್ಟ್ರೈಪ್ ಮೇಲೆ ಇಡೋದಕ್ಕೆ ಇವತ್ತು ನನಗೆ ಒಂದು ಕಾರಣವೂ ಕಾಣಲ್ಲ. ವಿಡಿಯೋ ಎಡಿಟ್ ಮಾಡುವಾಗ ಬರೋ ತಾತ್ಕಾಲಿಕ ಫೈಲುಗಳು, ಮತ್ತೆ ಡೌನ್‌ಲೋಡ್ ಮಾಡಬಹುದಾದ ಗೇಮುಗಳು, ಇಂಥವಕ್ಕೆ ಬೇಕಾದ್ರೆ ಇರಲಿ.

ಸ್ಟ್ರೈಪ್ ಮಾಡಿದವರು ಮೂರ್ಖರಲ್ಲ, ಧೈರ್ಯವಂತರು ಅಷ್ಟೇ. ನನ್ನ ನಿಜವಾದ ಜಗಳ ಮಿರರ್ ಜೊತೆ. ಯಾಕಂದ್ರೆ ಅದು ಸಭ್ಯವಾಗಿ ಕಾಣುತ್ತೆ.

ಎರಡು ಡಿಸ್ಕಿನಲ್ಲೂ ಒಂದೇ ತಪ್ಪು

ಮೈಸೂರಿನಲ್ಲಿರೋ ನನ್ನ ಸೋದರಮಾವನ ಮನೆಯಲ್ಲಿ ನಡೆದಿದ್ದನ್ನ ಹೇಳ್ತೀನಿ. ಮಾವ ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದವರು. ನಿವೃತ್ತಿ ಆದ ಮೇಲೆ ಎರಡು ವರ್ಷ ಕೂತು ಮನೆತನದ ಹಳೇ ಫೋಟೋಗಳನ್ನೆಲ್ಲ ಸ್ಕ್ಯಾನ್ ಮಾಡಿದ್ರು. ಸುಮಾರು ಮೂರು ಸಾವಿರ ಫೋಟೋ. ಕಂಪ್ಯೂಟರ್ ಜೋಡಿಸಿಕೊಟ್ಟ ಹುಡುಗ 2 ಟಿಬಿಯ ಎರಡು ಡಿಸ್ಕ್ ಹಾಕಿ ಮಿರರ್ ಮಾಡಿ, "ಒಂದು ಹೋದ್ರೂ ಇನ್ನೊಂದಿದೆ ಸಾರ್, ಯೋಚ್ನೆನೇ ಮಾಡ್ಬೇಡಿ" ಅಂದಿದ್ದ. ಮಾವ ಯೋಚನೆ ಮಾಡೋದು ಬಿಟ್ರು. ಮಿರರ್ ಮಾಡೋ ಮೊದಲ ಹಾನಿ ಇದು.

2023ರ ಬೇಸಿಗೆಯಲ್ಲಿ ನೆಂಟರೆಲ್ಲ ಫೋಟೋ ಕಳಿಸಿ ಅಂತ ಕೇಳಿದ್ರು. ಮಾವ ಯಾವುದೋ ಉಚಿತ ತಂತ್ರಾಂಶದಲ್ಲಿ ಇಡೀ ಫೋಲ್ಡರನ್ನ ಆಯ್ದು, ವಾಟ್ಸಾಪಿನಲ್ಲಿ ಕಳಿಸೋದಕ್ಕೆ ಹಗುರ ಆಗ್ಲಿ ಅಂತ ಎಲ್ಲವನ್ನೂ 1024 ಪಿಕ್ಸೆಲ್ ಅಗಲಕ್ಕೆ ಇಳಿಸಿದ್ರು. "ಹೊಸ ಫೋಲ್ಡರಿನಲ್ಲಿ ಉಳಿಸು" ಅನ್ನೋ ಆಯ್ಕೆ ಇತ್ತು, ಇವರು ಒತ್ತಿಲ್ಲ. ಮೂಲ ಫೈಲುಗಳ ಮೇಲೇ ಚಿಕ್ಕವು ಬರೆದಾಯ್ತು. ಪರದೆ ಮೇಲೆ ನೋಡಿದ್ರೆ ವ್ಯತ್ಯಾಸ ಕಾಣಲ್ಲ. ಫೈಲಿನ ಹೆಸರುಗಳೂ ಅವೇ. ಎಲ್ಲರಿಗೂ ಫೋಟೋ ಹೋಯ್ತು, ಎಲ್ಲರೂ ಖುಷಿ.

ಎರಡು ತಿಂಗಳ ಮೇಲೆ ತಾತ ತೀರಿಕೊಂಡ್ರು. ವೈಕುಂಠ ಸಮಾರಾಧನೆಗೆ ಹಾರ ಹಾಕೋದಕ್ಕೆ ಒಂದು ದೊಡ್ಡ ಫೋಟೋ ಬೇಕಿತ್ತು. ತಾತನದು ಯೌವನದ ಒಂದು ಚೆಂದದ ಫೋಟೋ ಇತ್ತು, 6 × 4 ಇಂಚಿನದು. ಮಾವ ಅದನ್ನ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದ್ರು, ಅಂದ್ರೆ 3600 × 2400 ಪಿಕ್ಸೆಲ್. ಸ್ಟುಡಿಯೋದವರು ಕೇಳೋ 300 ಡಿಪಿಐ ಲೆಕ್ಕದಲ್ಲಿ ಅದು ಸರಿಯಾಗಿ 12 × 8 ಇಂಚಿಗೆ ಬರುತ್ತೆ. ಗೋಡೆಗೆ ಹೇಳಿ ಮಾಡಿಸಿದ ಅಳತೆ. ಆದ್ರೆ ಈಗ ಡಿಸ್ಕಿನಲ್ಲಿದ್ದಿದ್ದು 1024 × 683. ಅದನ್ನ ಅಷ್ಟೇ ಸ್ಪಷ್ಟವಾಗಿ ಪ್ರಿಂಟ್ ಹಾಕಿದ್ರೆ ಮೂರೂವರೆ ಇಂಚೂ ಬರಲ್ಲ. 12 ಇಂಚಿಗೆ ಎಳೆದ್ರೆ ಇಂಚಿಗೆ 85 ಪಿಕ್ಸೆಲ್, ಕಣ್ಣು ಮೂಗೆಲ್ಲ ಕಲಸಿದ ಹಾಗೆ. ಮೂಲ ಫೋಟೋಗಳಿದ್ದ ಆಲ್ಬಮ್ಮು? ಸ್ಕ್ಯಾನ್ ಆಗಿದೆಯಲ್ಲ ಅಂತ ಅಟ್ಟದ ಮೇಲೆ ಇಟ್ಟಿದ್ರು. ಗೆದ್ದಲು ಹಿಡಿದಿತ್ತು.

ಮಾವ ನನಗೆ ಫೋನ್ ಮಾಡಿ ಕೇಳಿದ ಪ್ರಶ್ನೆ ನೋಡಿ, ಈ ಇಡೀ ಬರಹದ ಸಾರ ಅದರಲ್ಲಿದೆ: "ಅಲ್ವೋ, ಎರಡು ಡಿಸ್ಕ್ ಇದೆಯಲ್ಲೋ. ಒಂದರಲ್ಲಿ ಚಿಕ್ಕದಾಗಿದೆ ಸರಿ, ಇನ್ನೊಂದರಲ್ಲಿ ಹಳೇದು ಹಾಗೇ ಇರಬೇಕಲ್ವೇನೋ?"

ಇಲ್ಲ ಮಾವ. ಎರಡರಲ್ಲೂ ಚಿಕ್ಕದೇ ಇದೆ.

ಮಿರರ್ ಆವತ್ತು ಕೆಡಲಿಲ್ಲ. ತನ್ನ ಕೆಲಸ ಅಚ್ಚುಕಟ್ಟಾಗಿ ಮಾಡ್ತು. ಮಾವ ಬರೆಸಿದ್ದನ್ನ ಅದೇ ಗಳಿಗೆಯಲ್ಲಿ ಎರಡೂ ಕಡೆ ಬರೀತು. ಅದಕ್ಕೆ ಸರಿ ಯಾವುದು ತಪ್ಪು ಯಾವುದು ಗೊತ್ತಿಲ್ಲ, ಬರಿ ಅಂದಿದ್ದನ್ನ ಬರೆಯೋದು ಗೊತ್ತು. ಅಳಿಸಿ ಅಂದ್ರೆ ಎರಡೂ ಕಡೆ ಅಳಿಸುತ್ತೆ. ವೈರಸ್ ಬಂದು ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳಿದ್ರೆ (2017ರ ಮೇ ತಿಂಗಳ ವಾನಾಕ್ರೈ ನೆನಪಿರಬೇಕು), ಬೀಗವನ್ನೂ ಎರಡೂ ಕಡೆ ಹಾಕಿಕೊಡುತ್ತೆ. ಕನ್ನಡಿ ಮುಂದೆ ನಿಂತು ಮುಖಕ್ಕೆ ಮಸಿ ಬಳಿದುಕೊಂಡ್ರೆ ಕನ್ನಡಿಯೊಳಗಿನವನು ಬಿಳಿಯಾಗಿ ಉಳೀತಾನಾ?

ಮಿರರ್ ಕೊಡೋದು ಇವತ್ತಿನ ಎರಡು ಪ್ರತಿ. ಬ್ಯಾಕಪ್ ಕೊಡಬೇಕಾಗಿರೋದು ನಿನ್ನೆಯ ಒಂದು ಪ್ರತಿ. ಇವತ್ತಿನ ಪ್ರತಿಗಳು ಎರಡಿರಲಿ ಇಪ್ಪತ್ತಿರಲಿ, ಅವುಗಳಿಂದ ನಿನ್ನೆಯದು ಹುಟ್ಟಲ್ಲ.

ಕನ್ನಡಿ ಒಡೆದಿದ್ದು ಗೊತ್ತಾಗೋದೇ ಇಲ್ಲ

"ಸರಿ, ತಪ್ಪಿಗೆ ಮಿರರ್ ಆಗಲ್ಲ. ಡಿಸ್ಕ್ ಕೆಟ್ಟಾಗಲಾದ್ರೂ ಆಗುತ್ತಲ್ಲ?" ಅಂತೀರಿ. ಆಗುತ್ತೆ, ನೀವು ನೋಡ್ತಾ ಇದ್ರೆ.

ಮಿರರಿನಲ್ಲಿ ಒಂದು ಡಿಸ್ಕ್ ಹೋದಾಗ ಏನಾಗುತ್ತೆ? ಏನೂ ಆಗಲ್ಲ! ಅದೇ ಅದರ ಹೆಗ್ಗಳಿಕೆ. ಕಂಪ್ಯೂಟರ್ ಓಡ್ತಿರುತ್ತೆ, ಫೋಟೋ ತೆರೆದುಕೊಳ್ತಿರುತ್ತೆ. ದೊಡ್ಡ ಆಫೀಸಿನ ಸರ್ವರಿನಲ್ಲಾದ್ರೆ ಕೆಂಪು ದೀಪ ಉರಿದು, ಯಾರಿಗೋ ಸಂದೇಶ ಹೋಗಿ, ಅವತ್ತೇ ಹೊಸ ಡಿಸ್ಕ್ ಹಾಕ್ತಾರೆ. ಮನೆಯಲ್ಲಿ ಆ ಸಂದೇಶ ಯಾರಿಗೆ ಬರುತ್ತೆ? ಲಿನಕ್ಸಿನ `mdadm` ಎಚ್ಚರಿಕೆಯ ಮೇಲ್ ಕಳಿಸಬಲ್ಲದು, ಆದ್ರೆ ಮೇಲ್ ಹೊರಗೆ ಹೋಗೋ ವ್ಯವಸ್ಥೆ ಮನೆ ಕಂಪ್ಯೂಟರಿನಲ್ಲಿ ಯಾರು ಮಾಡಿಟ್ಟಿರ್ತಾರೆ? ಹೀಗೆ ಒಂದು ಡಿಸ್ಕ್ ತಿಂಗಳುಗಟ್ಟಲೆ ಸತ್ತು ಬಿದ್ದಿರುತ್ತೆ, ಒಂಟಿಕಾಲಲ್ಲಿ ಕಂಪ್ಯೂಟರ್ ನಿಂತಿರುತ್ತೆ. ಎರಡನೆಯದು ಹೋದ ದಿನ "ಅಯ್ಯೋ, ಎರಡೂ ಒಟ್ಟಿಗೆ ಹೋಯ್ತು" ಅಂತೀವಿ. ಒಟ್ಟಿಗೆ ಹೋಗಿರಲ್ಲ. ಮೊದಲನೆಯದರ ತಿಥಿ ಕಳೆದುಹೋಗಿರುತ್ತೆ, ನಮಗೆ ಸುದ್ದಿ ಬಂದಿರಲ್ಲ.

ಲಿನಕ್ಸ್ ಮಿರರ್ ಇಟ್ಟುಕೊಂಡಿರೋರು ಈಗಲೇ ಇದನ್ನ ನೋಡಿ:

```
$ cat /proc/mdstat
md0 : active raid1 sda1[0]
      1953382464 blocks super 1.2 [2/1] [U_]
```

ಕೊನೆಯಲ್ಲಿ `[2/2] [UU]` ಅಂತಿದ್ರೆ ಎರಡೂ ಬದುಕಿವೆ. ಮೇಲಿನ ಹಾಗೆ `[2/1] [U_]` ಅಂತಿದ್ರೆ ಎರಡರಲ್ಲಿ ಒಂದೇ ಉಳಿದಿದೆ. ಆ ಒಂದು ಅಡಿಗೆರೆ ನೋಡದೇ ಇರೋದ್ರಿಂದ ಮಿರರ್ ಇದ್ದೂ ಎಲ್ಲ ಕಳೆದುಕೊಳ್ಳಬಹುದು.

ಇನ್ನೊಂದು ವಿಷಯ. ಮೇಲೆ ಸ್ಟ್ರೈಪಿಗೆ ಮಾಡಿದ ಲೆಕ್ಕವನ್ನೇ ಮಿರರಿಗೂ ಮಾಡಿ, 0.02 × 0.02, ಹತ್ತು ಸಾವಿರಕ್ಕೆ ನಾಲ್ಕು, ಎಷ್ಟು ಕಡಿಮೆ ನೋಡಿ ಅಂತ ತೋರಿಸೋರಿದಾರೆ. ಹಾಗೆ ಗುಣಿಸೋದು ಎರಡು ಡಿಸ್ಕುಗಳಿಗೂ ಒಂದಕ್ಕೊಂದು ಸಂಬಂಧ ಇಲ್ಲದಿದ್ರೆ ಮಾತ್ರ ಸರಿ. ನಿಮ್ಮ ಮನೆಯಲ್ಲಿ ಅವು ಒಂದೇ ದಿನ ಒಂದೇ ಅಂಗಡಿಯಲ್ಲಿ ಕೊಂಡವು, ಒಂದೇ ಡಬ್ಬದೊಳಗೆ ಒಂದೇ ಬಿಸಿಯಲ್ಲಿ ಬೇಯ್ತಿರೋವು, ಒಂದೇ ಎಸ್‌ಎಂಪಿಎಸ್‌ನಿಂದ ಕರೆಂಟ್ ಕುಡಿಯೋವು. ಮಳೆಗಾಲದಲ್ಲಿ ಸಿಡಿಲು ಹೊಡೆದು ಲೈನಿನಲ್ಲಿ ಹೆಚ್ಚು ವೋಲ್ಟೇಜ್ ಬಂದ್ರೆ, ಎಸ್‌ಎಂಪಿಎಸ್ ಸುಟ್ಟುಕೊಳ್ಳುವಾಗ ಒಂದಕ್ಕೆ ಮಾತ್ರ ಪೆಟ್ಟು ಕೊಟ್ಟು ಇನ್ನೊಂದನ್ನ ಬಿಡಬೇಕು ಅಂತ ನಿಯಮ ಏನಿಲ್ಲ. ಕಳ್ಳ ಬಂದ್ರೂ ಅಷ್ಟೇ, ಒಂದು ಡಿಸ್ಕ್ ಬಿಚ್ಚಿ ಇಟ್ಟು ಹೋಗಲ್ಲ.

ನಿಮ್ಮ ಉತ್ತರಗಳು ನನಗೆ ಗೊತ್ತು

ಮಿರರ್ ಪರ ವಾದ ಮಾಡೋರ ಒಂದು ಮಾತು ನಿಜವಾಗ್ಲೂ ಗಟ್ಟಿಯಾಗಿದೆ. "ಮಿರರ್ ತಾನೇ ತಾನಾಗಿ ಆಗುತ್ತೆ. ನಿನ್ನ ಕಪಾಟಿನ ಡಿಸ್ಕ್ ನೆನಪಿಟ್ಟುಕೊಂಡು ಮಾಡಬೇಕು. ಎರಡು ವಾರ ಮರೆತ್ರೆ ಆ ಎರಡು ವಾರದ್ದು ಹೋಯ್ತು." ಒಪ್ಪಿದೆ. ಕೆಲಸ ಮಾಡ್ತಿದ್ದ ಡಿಸ್ಕ್ ಶನಿವಾರ ಕೆಟ್ಟು, ಕಪಾಟಿನದು ಹಿಂದಿನ ಭಾನುವಾರದ್ದಾದ್ರೆ ಆರು ದಿನದ ಫೈಲುಗಳು ಹೋಗ್ತವೆ. ಮಿರರ್ ಆಗಿದ್ರೆ ಹೋಗ್ತಿರಲಿಲ್ಲ. ಆದ್ರೆ ತೂಕ ಹಾಕಿ ನೋಡಿ: ಒಂದು ಕಡೆ ಆರು ದಿನದ ಫೈಲುಗಳು (ಅದರಲ್ಲೂ ಫೋಟೋಗಳು ಸಾಮಾನ್ಯವಾಗಿ ಇನ್ನೂ ಫೋನಿನಲ್ಲೇ ಇರ್ತವೆ), ಇನ್ನೊಂದು ಕಡೆ ಅರವತ್ತು ವರ್ಷದ ಫೋಟೋಗಳು. ಮೂರನೇ ಡಿಸ್ಕಿಗೆ ದುಡ್ಡಿದ್ರೆ ಮಿರರೂ ಇಟ್ಟುಕೊಳ್ಳಿ, ನನ್ನ ತಕರಾರಿಲ್ಲ. ಎರಡೇ ಇದ್ರೆ ಮಾತ್ರ ಎರಡನೆಯದು ಕಪಾಟಿಗೆ.

ಅಷ್ಟಕ್ಕೂ ಮಿರರ್ ಇರೋದು ಕೆಲಸ ನಿಲ್ಲಬಾರದ ಜಾಗಕ್ಕೆ. ರೈಲ್ವೆ ಟಿಕೆಟ್ ಕೊಡೋ ಕಡೆ, ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಹತ್ತು ನಿಮಿಷ ನಿಂತರೂ ನಷ್ಟ. ನಮ್ಮ ಮನೆ ಕಂಪ್ಯೂಟರ್ ಎರಡು ದಿನ ನಿಂತ್ರೆ ಏನಾಗುತ್ತೆ? ನಾನು ಬ್ಲಾಗ್ ಬರೆಯಲ್ಲ, ನಿಮಗೆ ನೆಮ್ಮದಿ, ಅಷ್ಟೇ. ಮಿರರ್ ಮನೆಗೆ ಬೇಡದ್ದನ್ನ ಕೊಟ್ಟು, ಬೇಕಾದ್ದಕ್ಕೆ ಕೈ ಎತ್ತಿಬಿಡುತ್ತೆ.

ಎರಡನೇ ಉತ್ತರ: "ನಂದು ಎರಡು ಡಿಸ್ಕಿನ ನ್ಯಾಸ್ ಡಬ್ಬ, ದುಬಾರಿಯದು." ಡಬ್ಬದ ಒಳಗಿರೋದೂ ಅದೇ ಮಿರರ್ ತಾನೆ? ಫೋಟೋಗಳ ಒಂದೇ ಮನೆ ಅದಾಗಿದ್ರೆ, ಅದು ಬೆಲೆ ಜಾಸ್ತಿಯಾದ ಅದೇ ಕಥೆ. ಲ್ಯಾಪ್‌ಟಾಪಿನಲ್ಲಿ ಮೂಲ ಇದ್ದು ನ್ಯಾಸಿನಲ್ಲಿ ದಿನಾಂಕವಾರು ಪ್ರತಿ ಇದ್ರೆ, ಆಗ ಸರಿ.

ಮೂರನೇ ಉತ್ತರ ತಿಳಿದವರದು: "ಝಡ್‌ಎಫ್‌ಎಸ್ ಅಥವಾ ಬಿಟಿಆರ್‌ಎಫ್‌ಎಸ್ ಹಾಕಿ ಸ್ನ್ಯಾಪ್‌ಶಾಟ್ ತಗೊಂಡ್ರೆ ನಿನ್ನೆಯದೂ ಸಿಗುತ್ತೆ." ಇದು ಒಳ್ಳೇ ಉತ್ತರ. ಮಾವನ ಫೋಟೋಗಳು ಸ್ನ್ಯಾಪ್‌ಶಾಟ್ ಇದ್ದಿದ್ರೆ ವಾಪಸ್ ಬರ್ತಿದ್ವು. ಇನ್ನೊಂದು ಲಾಭವೂ ಇದೆ. ಸಾಮಾನ್ಯ ಮಿರರಿನಲ್ಲಿ ಎರಡು ಪ್ರತಿಗಳು ಒಂದಕ್ಕೊಂದು ಹೊಂದದೇ ಹೋದ್ರೆ ಯಾವುದು ಸರಿ ಅಂತ ಅದಕ್ಕೆ ತಿಳಿಯಲ್ಲ. ರಿಪೇರಿ ಮಾಡು ಅಂದ್ರೆ ಒಂದು ಡಿಸ್ಕಿನದನ್ನ ಇನ್ನೊಂದರ ಮೇಲೆ ಬರೆದು ಸುಮ್ಮನಾಗುತ್ತೆ. ಇವೆರಡರಲ್ಲಿ ಪ್ರತಿ ತುಣುಕಿಗೂ ಚೆಕ್‌ಸಮ್ ಇರೋದ್ರಿಂದ ಸರಿಯಾದ ಪ್ರತಿ ಯಾವುದು ಅಂತ ಗುರುತಿಸ್ತವೆ. ಆದ್ರೆ ಆ ನಿನ್ನೆಯೂ ಅದೇ ಡಬ್ಬದ ಅದೇ ಡಿಸ್ಕುಗಳ ಮೇಲೇ ಕೂತಿದೆ. ಸಿಡಿಲಿಗೆ, ಕಳ್ಳನಿಗೆ, ಡಿಸ್ಕಿಗೆ ಡಿಸ್ಕೇ ಫಾರ್ಮ್ಯಾಟ್ ಮಾಡೋ ಕೈಗೆ ಅದೇನು ತಡೆಯಲ್ಲ.

ಹಾಗಾದ್ರೆ ಎರಡನೇ ಡಿಸ್ಕ್ ಏನು ಮಾಡಬೇಕು

ಒಂದು ಯುಎಸ್‌ಬಿ ಡಬ್ಬಕ್ಕೆ ಹಾಕಿ. ಲಿನಕ್ಸಿನವರಾದ್ರೆ ext4 ಫಾರ್ಮ್ಯಾಟ್ ಮಾಡಿ. ಆಮೇಲೆ ಇಲ್ಲೊಂದು ಗುಂಡಿ ಇದೆ, ಬೀಳಬೇಡಿ. ತುಂಬಾ ಜನ ಹೀಗೆ ಬರೆದುಕೊಂಡಿರ್ತಾರೆ:

```
rsync -a --delete /home/ /mnt/backup/
```

ಇದು ಬ್ಯಾಕಪ್ ಅಲ್ಲ, ನಿಧಾನದ ಮಿರರ್! ಮೂಲದಲ್ಲಿ ಅಳಿಸಿದ್ದನ್ನ ಇದೂ ಅಳಿಸುತ್ತೆ, ಮೂಲದಲ್ಲಿ ಚಿಕ್ಕದಾದ ಫೋಟೋವನ್ನ ಇಲ್ಲೂ ಚಿಕ್ಕದು ಮಾಡುತ್ತೆ. ಮಾವ ಇದನ್ನ ವಾರಕ್ಕೊಮ್ಮೆ ಓಡಿಸಿದ್ರೆ ಅವರಿಗೆ ಸಿಗ್ತಿದ್ದಿದ್ದು ಹೆಚ್ಚೆಂದರೆ ಏಳು ದಿನದ ಅವಕಾಶ. ಅವರಿಗೆ ತಪ್ಪು ಗೊತ್ತಾಗಿದ್ದು ಎರಡು ತಿಂಗಳ ಮೇಲೆ. ಬೇಕಾಗಿರೋದು ದಿನಾಂಕದ ಹೆಸರಿನ ಬೇರೆ ಬೇರೆ ಫೋಲ್ಡರುಗಳು:

```
rsync -a --link-dest=/mnt/backup/2025-06-01 \
      /home/ /mnt/backup/2025-06-08/
```

ಮೊದಲ ವಾರ `--link-dest` ಇಲ್ಲದೆ ಓಡಿಸಿ, ಎಲ್ಲ ಕಾಪಿ ಆಗುತ್ತೆ. 600 ಜಿಬಿ ಇದ್ದು, ಸೆಕೆಂಡಿಗೆ 100 ಎಂಬಿ ಹೋದ್ರೆ, ಒಂದು ಗಂಟೆ ನಲವತ್ತು ನಿಮಿಷ. ಮುಂದಿನ ವಾರದಿಂದ ಬದಲಾದ ಫೈಲುಗಳು ಮಾತ್ರ ಹೊಸದಾಗಿ ಬರ್ತವೆ. ಬದಲಾಗದವಕ್ಕೆ ಹಿಂದಿನ ವಾರದ ಫೈಲಿಗೇ ಇನ್ನೊಂದು ಹೆಸರು ಕೊಡುತ್ತೆ, ಇದನ್ನ ಹಾರ್ಡ್ ಲಿಂಕ್ ಅಂತಾರೆ. ಜಾಗ ತಿನ್ನಲ್ಲ. ಆದ್ರೆ ಯಾವ ದಿನಾಂಕದ ಫೋಲ್ಡರ್ ತೆರೆದ್ರೂ ಆವತ್ತಿನ ಪೂರ್ತಿ ಮನೆ ಕಾಣುತ್ತೆ. ಎಕ್ಸ್‌ಫ್ಯಾಟ್ ಡಿಸ್ಕಿನಲ್ಲಿ ಹಾರ್ಡ್ ಲಿಂಕ್ ನಡೆಯಲ್ಲ, ಅದಕ್ಕೇ ext4 ಅಂದಿದ್ದು. ಹಾಗೇ ಆ ಫೋಲ್ಡರುಗಳೊಳಗೆ ಹೋಗಿ ಫೈಲನ್ನ ತಿದ್ದಬೇಡಿ, ಒಂದೇ ಫೈಲಿಗೆ ಹತ್ತು ಹೆಸರು ಇರೋದ್ರಿಂದ ಹತ್ತೂ ವಾರದ್ದು ಬದಲಾಗಬಹುದು. ಬೇಕಾದ್ದನ್ನ ಹೊರಗೆ ಕಾಪಿ ಮಾಡಿಕೊಳ್ಳಿ.

ಮಾವನ ಲೆಕ್ಕಕ್ಕೇ ಬರೋಣ. ಒಂದು ಸ್ಕ್ಯಾನ್ 4 ಎಂಬಿ ಅಂದ್ರೆ ಮೂರು ಸಾವಿರ ಫೋಟೋಗೆ 12 ಜಿಬಿ. ಚಿಕ್ಕವು ತಲಾ 250 ಕೆಬಿ ಅಂದ್ರೆ ಎಲ್ಲ ಸೇರಿ ಒಂದು ಜಿಬಿಯೂ ಇಲ್ಲ. ತಪ್ಪು ನಡೆದ ವಾರದ ಫೋಲ್ಡರಿಗೆ ಆ ಒಂದು ಜಿಬಿ ಸೇರ್ತಿತ್ತು, ಹಿಂದಿನ ವಾರದಲ್ಲಿ 12 ಜಿಬಿ ಹಾಗೇ ಇರ್ತಿತ್ತು. 2 ಟಿಬಿಯಲ್ಲಿ ಅದು ಲೆಕ್ಕಕ್ಕೇ ಇಲ್ಲ.

ಎಷ್ಟು ಹಳೇದು ಇಟ್ಟುಕೊಳ್ಳಬೇಕು? ತಪ್ಪು ನಡೆದ ದಿನಕ್ಕೂ ಅದು ಕಣ್ಣಿಗೆ ಬೀಳೋ ದಿನಕ್ಕೂ ಎಷ್ಟು ಅಂತರ ಇರಬಹುದೋ, ಅದಕ್ಕಿಂತ ಹಳೇದು. ಫೋಟೋಗಳನ್ನ ನಾವು ವರ್ಷಕ್ಕೊಮ್ಮೆ ತೆಗೆದು ನೋಡೋ ಜನ. ಹಾಗಾಗಿ ಮೂರು ತಿಂಗಳು ವಾರವಾರದ್ದು, ಅದಕ್ಕಿಂತ ಹಳೇದರಲ್ಲಿ ತಿಂಗಳಿಗೊಂದರಂತೆ ಒಂದೆರಡು ವರ್ಷ ಇಡಿ ಅನ್ನೋದು ನನ್ನ ಸಲಹೆ. ವಿಂಡೋಸಿನವರು ಇದೇ ಕೆಲಸಕ್ಕೆ ಫೈಲ್ ಹಿಸ್ಟರಿ, ಮ್ಯಾಕಿನವರು ಟೈಮ್ ಮಶೀನ್ ಬಳಸಬಹುದು. ಎರಡೂ ಹಳೇ ಆವೃತ್ತಿಗಳನ್ನ ಇಡ್ತವೆ, ಎರಡೂ ಜೊತೆಯಲ್ಲೇ ಬರ್ತವೆ.

ಕಾಪಿ ಮುಗಿದ ಮೇಲೆ ಡಿಸ್ಕ್ ಕಿತ್ತು ಇಡಿ. ಸದಾ ಸಿಕ್ಕಿಸಿಯೇ ಇಟ್ರೆ ವೈರಸ್ಸಿಗೂ ಸಿಡಿಲಿಗೂ ಅದು ಮೊದಲನೆಯ ಡಿಸ್ಕಿನಷ್ಟೇ ಹತ್ತಿರ. ಊರಿಗೆ ಹೋಗುವಾಗ ಇನ್ನೊಂದು ಹಳೇ ಡಿಸ್ಕಿನಲ್ಲಿ ಒಂದು ಪ್ರತಿ ಅಪ್ಪ ಅಮ್ಮನ ಬೀರುವಿನಲ್ಲಿಟ್ಟು ಬಂದ್ರೆ, ಬೆಂಕಿ ಮತ್ತು ಕಳ್ಳನ ಚಿಂತೆಯೂ ಬಹುಪಾಲು ಹೋಯ್ತು.

ಈಗ ಮಿರರ್ ಇರೋರು ಏನೂ ಬಿಚ್ಚೋ ಅವಸರ ಮಾಡಬೇಡಿ. ಮೊದಲು ಹೊರಗಿನ ಒಂದು ಡಿಸ್ಕಿಗೆ ಪೂರ್ತಿ ಕಾಪಿ ಆಗಲಿ, ಅದನ್ನ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ ನಾಲ್ಕಾರು ಫೈಲ್ ತೆರೆದು ನೋಡಿ. ಸರಿಯಾಗಿದ್ರೆ ಆಮೇಲೆ ಮಿರರ್ ಬಿಡಿಸೋದೋ ಇಟ್ಟುಕೊಳ್ಳೋದೋ ನಿಮ್ಮಿಷ್ಟ. ಬಿಡಿಸುವಾಗಲೇ ಕಳೆದುಕೊಂಡ್ರೆ ನನ್ನ ಮೇಲೆ ಬರ್ತೀರಿ.

ನಮ್ಮ ಹಿರಿಯರು ಕೈಗೆ ಸಿಗದ ಆಸ್ತಿಗೆ ಕನ್ನಡಿಯೊಳಗಿನ ಗಂಟು ಅಂತಿದ್ರು. ಮಿರರ್ ನಂಬಿ ಕೂತವರ ಗಂಟೂ ಅದೇ. ಎದುರಿಗೇ ಎರಡೆರಡು ಕಾಣುತ್ತೆ, ಬೇಕಾದ ದಿನ ಕೈ ಹಾಕಿದ್ರೆ ಗಾಜು.

ಒಪ್ಪದೇ ಇರೋರು ಧಾರಾಳವಾಗಿ ಜಗಳಕ್ಕೆ ಬನ್ನಿ. ಒಂದೇ ಷರತ್ತು. ಬರೋ ಮೊದಲು, ನಿಮ್ಮ ಎರಡು ಡಿಸ್ಕುಗಳಿಂದ ಮೂರು ತಿಂಗಳ ಹಿಂದೆ ಅಳಿಸಿದ ಒಂದು ಫೈಲನ್ನ ವಾಪಸ್ ತೆಗೆದು ನೋಡಿಕೊಂಡು ಬನ್ನಿ.